ಟ್ಯಾಂಕ್ ಕಂಟ್ರೋಲರ್: ಸಂಜೆ ಸರಿ, ರಾತ್ರಿ ಟಕ್ ಟಕ್

ಗಣಿತಮೇಷ್ಟ್ರು: ರಿಟೈರ್ ಆದ ಮೇಲೆ ಊರ ಮನೆಗೆ ಅಂತ ಮೂರು ತಿಂಗಳಿಂದ ಮಾಡುತ್ತಿದ್ದ ಕಂಟ್ರೋಲರ್ ನಿನ್ನೆ ಮುಗಿಯಿತು. ಆರ್ಡುಯಿನೊ ನ್ಯಾನೊ, ರಿಲೇ, ಟ್ಯಾಂಕಿನ ನೀರಿನ ಮಟ್ಟ ತಿಳಿಯೋಕೆ ಮೂರು ಸ್ಟೀಲ್ ಕಡ್ಡಿ: ಕೆಳಗೊಂದು, ಮೇಲೊಂದು, ಎರಡಕ್ಕೂ ಕಾಮನ್ ಒಂದು. ಸಂಜೆ ಟೆಸ್ಟ್ ಪಾಸ್. ರಾತ್ರಿ ಆಟೊಗೆ ಹಾಕಿ ಮಲಗಿದೆ. 2 ಗಂಟೆಗೆ ಮನೆಯವಳು ಎಬ್ಬಿಸಿದಳು. ಮೋಟರ್ ನಾಲ್ಕು ಸೆಕೆಂಡ್ ಓಡುತ್ತೆ, ನಿಲ್ಲುತ್ತೆ, ಮತ್ತೆ ಓಡುತ್ತೆ. ಟ್ಯಾಂಕ್ ಖಾಲಿ! ಏನು ತಪ್ಪು?

ವೈಂಡಿಂಗ್ ರಾಜ: ರಿಲೇನೇ. 1 ಎಚ್‌ಪಿ ಮೋಟರ್ ಸ್ಟಾರ್ಟ್ ಆಗುವಾಗ ಎಳೆಯೋ ಕರೆಂಟಿಗೆ ಆ ನೀಲಿ ರಿಲೇ ತಡೆಯಲ್ಲ. ಕಾಂಟ್ಯಾಕ್ಟರ್ ಹಾಕಿ.

ಕೋಡ್‌ಕುಟ್ಟಿ: ಕೋಡ್ ಹಾಕಿ ಸರ್. ತುಂಬಿದ್ದು ನೆನಪಿಟ್ಟುಕೊಳ್ಳೋ ಲಾಜಿಕ್ ಇಲ್ಲ ಅನ್ಸುತ್ತೆ.

ಗಣಿತಮೇಷ್ಟ್ರು: ಇದೆಯಪ್ಪ. ಕಡ್ಡಿ ಒಣಗಿದ್ರೆ HIGH.

```
if (kelage == HIGH) motor = true;
if (mele == LOW) motor = false;
```

ವೈಂಡಿಂಗ್ ರಾಜ: ಕೋಡ್ ಬಿಡಿ, ಕಾಂಟ್ಯಾಕ್ಟರ್ ಹಾಕಿ.

ತೋಟದಮನೆ: ರಿಲೇ ಅಂಟಿಕೊಂಡರೆ ಮೋಟರ್ ನಿಲ್ಲೋದೇ ಇಲ್ಲ. ಇಲ್ಲಿ ನಿಲ್ಲುತ್ತಿದೆ. ಮೇಷ್ಟ್ರೇ, ಸಂಜೆ ಟೆಸ್ಟ್ ಹೇಗೆ ಮಾಡಿದ್ರಿ? ಕಡ್ಡಿ ಟ್ಯಾಂಕಲ್ಲಿ ಎಲ್ಲಿದೆ?

ಗಣಿತಮೇಷ್ಟ್ರು: ಕೆಳಗೆ ಬಕೆಟ್ಟಲ್ಲಿ ಕಡ್ಡಿ ಅದ್ದಿ, ಮೋಟರ್ ಬದಲು ಬಲ್ಬ್ ಹಾಕಿ. ಈಗ ಕಡ್ಡಿಗಳು ನೀರು ಬರೋ ಪೈಪಿನ ಪಕ್ಕದ ತೂತಲ್ಲೇ ಇವೆ. ಬೇರೆ ತೂತು ಕೊರೆಯೋದು ಯಾಕೆ ಅಂತ.

ತೋಟದಮನೆ: ಇದನ್ನ ಮೊದಲೇ ಹೇಳೋದಲ್ವಾ! ಬೀಳೋ ನೀರು ಮೇಲಿನ ಕಡ್ಡಿಗೂ ಕಾಮನ್ ಕಡ್ಡಿಗೂ ಒಟ್ಟಿಗೆ ಸಿಡಿದರೆ ಬೋರ್ಡಿಗೆ ಟ್ಯಾಂಕ್ ತುಂಬಿದಂತೆ ಕಾಣುತ್ತೆ. ಮೋಟರ್ ನಿಂತರೆ ನೀರು ಇಳಿಯುತ್ತೆ, ಕೆಳಗಿನ ಕಡ್ಡಿ ಇನ್ನೂ ಒಣಗಿದೆ, ಮತ್ತೆ ಸ್ಟಾರ್ಟ್. ಮೋಟರ್ ವೈರ್ ಪಕ್ಕ ಕಡ್ಡಿ ವೈರ್ ಹೋಗಿದ್ರೂ ಹೀಗಾಗಬಹುದು. ಎರಡರಲ್ಲಿ ಯಾವುದು ಅಂತ ತಿಳಿಯೋಕೆ ರಿಲೇಗೆ ಬಲ್ಬ್ ಹಾಕಿ, ಮೋಟರನ್ನ ಸ್ಟಾರ್ಟರಿನಿಂದ ಕೈಯಲ್ಲಿ ಓಡಿಸಿ. ಮೊದಲು ನೀರನ್ನ ಟ್ಯಾಂಕಿನ ಹೊರಗೆ ಬಿಡಿ, ಆಮೇಲೆ ಒಳಗೆ. ಯಾವಾಗ ಬಲ್ಬ್ ಮಿನುಗುತ್ತೆ ನೋಡಿ.

ಸ್ಮಾರ್ಟ್ ಸಂಪ್: ನಂದು ಫೋನಲ್ಲೇ ಕಾಣುತ್ತೆ, ಅಲ್ಟ್ರಾಸೋನಿಕ್ ಸೆನ್ಸರ್, ಗ್ರಾಫ್ ಕೂಡ.

ಕೋಡ್‌ಕುಟ್ಟಿ: ನಮ್ಮನೇಲಿ ಆ ಸೆನ್ಸರ್ ಮೇಲೆ ಆವಿ ಕೂತು ಸುಳ್ಳು ಅಳತೆ ಕೊಡ್ತಿತ್ತು.

ಸ್ಮಾರ್ಟ್ ಸಂಪ್: ನೀವು ಅಗ್ಗದ್ದು ತಗೊಂಡಿರ್ತೀರಿ.

ಗಣಿತಮೇಷ್ಟ್ರು: ನೀರನ್ನ ತೆಂಗಿನ ಬುಡಕ್ಕೆ ಬಿಟ್ಟಾಗ ಬಲ್ಬ್ ಅಲುಗಲಿಲ್ಲ. ಟ್ಯಾಂಕಿಗೆ ತಿರುಗಿಸಿದ ಕೂಡಲೇ ಮಿನುಗಿತು. ಸಿಡಿಯೋ ನೀರೇ!

ತೋಟದಮನೆ: ಕಡ್ಡಿಗಳನ್ನ ಆ ಕಡೆ ಮೂಲೆಗೆ ಹಾಕಿ, ಒಂದೂವರೆ ಇಂಚು ಪಿವಿಸಿ ಪೈಪಿನೊಳಗೆ ಇಳಿಸಿ. ಅಡಿ ತೆರೆದಿರಲಿ, ಮೇಲೆ ಗಾಳಿಗೆ ಸಣ್ಣ ತೂತು. ಕೋಡಲ್ಲೂ ಐದು ಸೆಕೆಂಡ್ ಒದ್ದೆ ಇದ್ದರೆ ಮಾತ್ರ 'ತುಂಬಿದೆ' ಅನ್ನಿ.

ಗಣಿತಮೇಷ್ಟ್ರು: ಎರಡನೇ ರಾತ್ರಿ ಟಾರ್ಚ್ ಹಿಡಿದು ಕೂತೆ. 3:40ಕ್ಕೆ ಶುರುವಾಯಿತು, 22 ನಿಮಿಷ ಓಡಿ ತಾನೇ ನಿಂತಿತು. ಮನೆಯವಳು ಮಾತ್ರ ಸ್ವಿಚ್ಚೇ ವಾಸಿ ಅಂತಾಳೆ. ಆದರೆ ಒಂದು ಕಡ್ಡಿಯ ಮೇಲೆ ಕಂದು ಕಲೆ ಕೂತಿದೆ. ತುಕ್ಕಾ?

ತೋಟದಮನೆ: ಸದಾ ಡಿಸಿ ಹರಿದರೆ ಹಾಗಾಗುತ್ತೆ. ಓದೋ ಕ್ಷಣಕ್ಕೆ ಮಾತ್ರ ಕರೆಂಟ್ ಕೊಡಿ. ನಂದು ಹಾಗೆ ಮಾಡಿದ ಮೇಲೂ ಪೂರ್ತಿ ನಿಂತಿಲ್ಲ.

ವೈಂಡಿಂಗ್ ರಾಜ: ಕಾಂಟ್ಯಾಕ್ಟರ್ ಹಾಕಿದ್ರಾ ಇಲ್ವಾ?