ಏಳನೇ ತರಗತಿ ಚೆಂಡಿನ ಸುತ್ತ ಮುತ್ತಿಕೊಳ್ಳುತ್ತದೆ: ನಿಮ್ಮ ಅನುಭವ ತಿಳಿಸಿ

ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ ತಾಲ್ಲೂಕು: 36 ಮಕ್ಕಳಿಗೆ ಟೀಚಿಂಗ್ ಗೇಮ್ಸ್ ಫಾರ್ ಅಂಡರ್‌ಸ್ಟ್ಯಾಂಡಿಂಗ್ ವಿಧಾನದಲ್ಲಿ ಫುಟ್‌ಬಾಲ್ ಆರಂಭಿಸಿದ್ದೇನೆ. ಆಟ ಶುರುವಾದೊಡನೆ ಎಲ್ಲರೂ ಚೆಂಡನ್ನೇ ಮುತ್ತುತ್ತಾರೆ. ಖಾಲಿ ಜಾಗ ಬಳಸುವುದನ್ನು ಹೇಗೆ ಕಲಿಸಿದಿರಿ?

ಶಿಕ್ಷಕ, ಚಿಕ್ಕಮಗಳೂರು: ಮೇಡಂ, ಈ ವಿಧಾನದಲ್ಲಿ ಕೌಶಲ ಹೇಳಿಕೊಡುವಂತಿಲ್ಲ. ಆಡಲು ಬಿಟ್ಟುಬಿಡಿ, ತಾವಾಗಿಯೇ ಕಲಿಯುತ್ತಾರೆ.

ನಿವೃತ್ತ ಶಿಕ್ಷಕ, ಸಕಲೇಶಪುರ: ಆಟ ಮೊದಲು ಎಂಬುದು ಸರಿ, ಆದರೆ ಕೌಶಲ ಬೇಡವೆಂಬುದು ಸರಿಯಲ್ಲ ಸರ್. 1982ರಲ್ಲಿ ಬಂಕರ್ ಮತ್ತು ಥಾರ್ಪ್ ಇದನ್ನು ಮಂಡಿಸಿದಾಗಲೂ ಕೌಶಲವನ್ನು ಕೈಬಿಡಲಿಲ್ಲ; ಅದರ ಅಗತ್ಯ ಮಕ್ಕಳಿಗೆ ಆಟದಲ್ಲೇ ಕಂಡ ಮೇಲೆ ಕಲಿಸಬೇಕೆಂದರು.

ಮೇಡಂ, ಕೆಲವು ದಿನ ಕಾಲನ್ನು ಬಿಟ್ಟು ಕೈಯಿಂದ ಆಡಿಸಿ. ಚೆಂಡನ್ನು ಕಾಲಲ್ಲಿ ಹಿಡಿದಿಡಲು ಹೆಣಗುವ ಮಗುವಿಗೆ ತಲೆಯೆತ್ತಿ ನೋಡಲು ಪುರಸೊತ್ತಿರುವುದಿಲ್ಲ. ಹತ್ತು ಹೆಜ್ಜೆ ಉದ್ದಗಲದ ಒಂಬತ್ತು ಚೌಕ ಹಾಕಿ, ಪ್ರತಿಯೊಂದರಲ್ಲೂ ಮೂವರ ವಿರುದ್ಧ ಒಬ್ಬರನ್ನು ಬಿಡಿ. ಚೆಂಡು ಸಾಲದಿದ್ದರೆ ಟೆನಿಸ್ ಚೆಂಡೂ ಆದೀತು. ಚೆಂಡು ಹಿಡಿದವರು ನಡೆಯುವಂತಿಲ್ಲ, ತಡೆಯುವವರು ಒಂದು ತೋಳಿನಷ್ಟು ದೂರವಿರಬೇಕು, ಸತತ ಐದು ಪಾಸಿಗೆ ಒಂದು ಅಂಕ. ನಡೆಯುವಂತಿಲ್ಲ ಎಂಬ ಆ ಒಂದೇ ನಿಯಮದಿಂದ ಉಳಿದಿಬ್ಬರು ಓಡಲೇಬೇಕಾಗುತ್ತದೆ.

ಐದು ನಿಮಿಷದ ನಂತರ ‘ನಿಂತಲ್ಲೇ ನಿಲ್ಲಿ’ ಎಂದು ಶಿಳ್ಳೆ ಹಾಕುತ್ತಿದ್ದೆ. ಒಮ್ಮೆ ಚೆಂಡು ಹಿಡಿದ ಹುಡುಗಿಗೆ ‘ನಿನಗೆ ಎಷ್ಟು ಜನ ಕಾಣುತ್ತಿದ್ದಾರೆ?’ ಎಂದು ಕೇಳಿದೆ. ‘ಒಬ್ಬಳೇ ಸರ್’ ಎಂದಳು. ಮತ್ತೊಬ್ಬ ತಡೆಯುವವನ ಬೆನ್ನ ಹಿಂದೆ ಕೈಯೆತ್ತಿ ಕೂಗುತ್ತಿದ್ದ. ‘ಎಷ್ಟು ಹೆಜ್ಜೆ ಸರಿದರೆ ಅವಳಿಗೆ ಕಾಣುತ್ತೀಯ?’ ಎಂದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದ, ಪಾಸ್ ಸಿಕ್ಕಿತು. ಉತ್ತರವನ್ನು ನಾವೇ ಹೇಳಿಬಿಟ್ಟರೆ ಆ ಎರಡು ಹೆಜ್ಜೆ ಮರುದಿನಕ್ಕೆ ಮರೆತುಹೋಗಿರುತ್ತದೆ.

ಸರಿಯಾದ ಜಾಗಕ್ಕೆ ಹೋದವರಿಗೂ ಚೆಂಡು ತಲುಪದೆ ನೆಲಕ್ಕೆ ಬೀಳುತ್ತಿದ್ದರೆ, ಆಗ ಆಟ ನಿಲ್ಲಿಸಿ ಎದೆಯ ಮಟ್ಟದ ಪಾಸನ್ನು ಐದು ನಿಮಿಷ ಕಲಿಸಿ ಮತ್ತೆ ಆಟಕ್ಕೆ ಬಿಡಿ. ಹೆಚ್ಚಿನ ಚೌಕಗಳಲ್ಲಿ ಅಂಕ ಸಲೀಸಾಗಿ ಬರತೊಡಗಿದ ಮೇಲೆ ಮೂವರಿಗೆ ಇಬ್ಬರನ್ನು ಎದುರು ಹಾಕಿ, ಚೌಕವನ್ನು ಉದ್ದ ಮಾಡಿ, ದಾಟಬೇಕಾದ ಗೆರೆಯೊಂದನ್ನು ಕೊಡಿ. ಮೂವರಿಗೆ ಮೂವರೆಂದು ಅವಸರಪಟ್ಟ ವರ್ಷ ನನ್ನ ತರಗತಿ ಮತ್ತೆ ಮುತ್ತಿಕೊಂಡಿತು.

ಶಿಕ್ಷಕ, ಅರಸೀಕೆರೆ: ನಮ್ಮ ಮಕ್ಕಳು ಹೋಬಳಿ ಮಟ್ಟದ ಕಬಡ್ಡಿಗೆ ಸಿದ್ಧರಾಗುತ್ತಿದ್ದಾರೆ. ಅದೂ ಎದುರಾಳಿಯ ಅಂಕಣಕ್ಕೆ ನುಗ್ಗುವ ಆಟವೇ ಅಲ್ಲವೇ? ಇದನ್ನೇ ಬಳಸಬಹುದೇ?

ನಿವೃತ್ತ ಶಿಕ್ಷಕ, ಸಕಲೇಶಪುರ: ನುಗ್ಗುವುದೇನೋ ನಿಜ, ಆದರೆ ಅಲ್ಲಿ ರೈಡರ್ ಒಬ್ಬನೇ ಹೋಗುತ್ತಾನೆ, ಹಂಚಿಕೊಳ್ಳಲು ಚೆಂಡಿಲ್ಲ. ಪ್ರಶ್ನೆ ಕೇಳಿ ಕಲಿಸುವ ಕ್ರಮ ಹೊಂದುತ್ತದೆ, ಈ ಚೌಕದ ಆಟ ಹೊಂದುವುದಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ ತಾಲ್ಲೂಕು: ಈ ವಾರ ಮಾಡಿಸಿದೆ ಸರ್. ಕೈಯಲ್ಲಿ ಏಳು ಚೌಕಗಳು ಅಂಕ ಗಳಿಸಿದವು. ಶುಕ್ರವಾರ ಕಾಲಿಗೆ ಬದಲಿಸಿದಾಗ ಎರಡೇ ಚೌಕ ಗಳಿಸಿದವು. ಚೌಕವನ್ನು ದೊಡ್ಡದು ಮಾಡಲೇ, ಮತ್ತೆ ಕೈಗೆ ಮರಳಲೇ?

ನಿವೃತ್ತ ಶಿಕ್ಷಕ, ಸಕಲೇಶಪುರ: ಮೊದಲು ಹದಿನೈದು ಹೆಜ್ಜೆಗೆ ಹಿಗ್ಗಿಸಿ ನೋಡಿ. ಚೆಂಡಿಲ್ಲದವರು ಆಗಲೂ ಸರಿದು ಕಾಣಿಸಿಕೊಳ್ಳುತ್ತಿದ್ದರೆ ತೊಂದರೆ ಕಾಲಿನದು, ತಿಳಿವಳಿಕೆಯದಲ್ಲ.