ಪರೀಕ್ಷೆ ಮೆಸೇಜನ್ನು ಟೇಬಲ್ ಮಾಡಿದೆ, ತಾರೀಖೆಲ್ಲ ಸೆಪ್ಟೆಂಬರ್‌ಗೆ ಓಡಿತು!

ಡೊಂಬಿವಲಿ ವನಿತಾ (ಮಾರ್ಚ್ 1, 2026)

ಮಗಳು ಹನ್ನೊಂದನೇ ಕಾಮರ್ಸ್. ಕ್ಲಾಸಿನವರು ಟೆಸ್ಟ್ ವಿವರ ವಾಟ್ಸಾಪ್‌ನಲ್ಲಿ ಒಂದೇ ಉಸಿರಿಗೆ ಹೇಳಿದ್ದಾರೆ. ಮರಾಠಿಯಲ್ಲಿತ್ತು, ಕನ್ನಡದಲ್ಲಿ ಹಾಕ್ತಿದ್ದೇನೆ, ಬಿಕೆ ಅಂದರೆ ಬುಕ್ ಕೀಪಿಂಗ್, ಎಸ್‌ಪಿ ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್:

"ಬಿಕೆ 9 ಮಾರ್ಚ್ ಸೋಮವಾರ 11ರಿಂದ 2, ಹಾಲ್ 204. ಮಾರನೇ ದಿನ ಮ್ಯಾಥ್ಸ್, ಅದೇ ಟೈಮ್, ಹಾಲ್ 301. ಎಸ್‌ಪಿ 17ಕ್ಕೆ, 3ರಿಂದ 5, ಹಾಲ್ ಮೊದಲಿನದೇ. ಇಕೋ 12ಕ್ಕೆ ಗುರುವಾರ, 11ರಿಂದ 2, 204. ಐಟಿ ಪಾಡ್ವಾ ಆದ ಮೇಲೆ."

ಗೂಗಲ್ ಶೀಟ್ಸ್‌ನಲ್ಲಿ 9/3/2026 ಅಂತ ಬರೆದು, ಪಕ್ಕದಲ್ಲಿ ಇನ್ನೆಷ್ಟು ದಿನ ಉಳಿದಿದೆ ಅಂತ ಲೆಕ್ಕ ಹಾಕಿಸಿದೆ. ಬಿಕೆಗೆ 8 ಬರಬೇಕಿತ್ತು, 186 ಬಂತು. ಎಸ್‌ಪಿ ಸಾಲಲ್ಲಿ `#VALUE!`. ಎಲ್ಲಿ ತಪ್ಪಿದೆ?

ಪುಣೆ ಪಾಟೀಲ

ಅಕ್ಕಾರ, ಹಾಲ್ ಟಿಕೆಟ್ ಬಂದದ ಏನು? ನನ್ನ ತಮ್ಮಂದು ಹಿಂಗಽ ಆಗಿತ್ತು. ಸೆಂಟರ್ ಹಡಪ್ಸರ್ ಅಂತ ಇತ್ತು, ಹುಡುಗ ಕೊಥ್ರೂಡಕ್ಕ ಹೋಗಿ ನಿಂತಿದ್ದ. ಹಿಂದಿನ ದಿನಾನ ಹೋಗಿ ನೋಡಿ ಬರ್ರಿ.

ಡೊಂಬಿವಲಿ ವನಿತಾ

ಇದು ಕ್ಲಾಸ್ ಟೆಸ್ಟ್ ಪಾಟೀಲರೇ, ಹಾಲ್ ಟಿಕೆಟ್ ಇಲ್ಲ. ನನ್ನ ಗೋಳು ಶೀಟಿಂದು.

ಮಾಟುಂಗಾ ಮಾಮ

ವನಿತಕ್ಕ, ತಾರೀಖಿನ ಕಾಲಮ್ ನೋಡಿ. 9, 10, 12 ಬಲಕ್ಕೆ ಅಂಟಿಕೊಂಡಿವೆ, 17 ಮಾತ್ರ ಎಡಕ್ಕೆ ನಿಂತಿದೆ, ಅಲ್ವಾ? ನಿಮ್ಮ ಶೀಟ್ ಅಮೆರಿಕದ ಲೆಕ್ಕದಲ್ಲಿದೆ. ಅಲ್ಲಿ ತಿಂಗಳು ಮೊದಲು. 9/3 ಅಂದರೆ ಅದಕ್ಕೆ ಸೆಪ್ಟೆಂಬರ್ 3. ಹದಿನೇಳನೇ ತಿಂಗಳು ಇಲ್ಲವಲ್ಲ, ಹಾಗಾಗಿ 17/3 ಅನ್ನು ತಾರೀಖು ಅಂತಲೇ ಒಪ್ಪಲಿಲ್ಲ, ಸುಮ್ನೆ ಅಕ್ಷರ ಅಂತ ಇಟ್ಟುಕೊಂಡಿತು. ಒಂದು ಲೆಕ್ಕದಲ್ಲಿ ಆ `#VALUE!` ನಿಮ್ಮನ್ನು ಕಾಪಾಡಿತು.

`File > Settings > Locale` ಅಲ್ಲಿ `India` ಮಾಡಿ. ಆಮೇಲೆ ತಾರೀಖುಗಳನ್ನು ಅಳಿಸಿ ಹೊಸದಾಗಿ ಬರೆಯಿರಿ. ಸೆಟ್ಟಿಂಗ್ ಬದಲಾಯಿಸಿದ ಮಾತ್ರಕ್ಕೆ ಹಳೆಯವು ಸರಿಯಾಗುವುದಿಲ್ಲ. ಸೆಪ್ಟೆಂಬರ್ 3 ಅಂತ ಒಮ್ಮೆ ಕೂತದ್ದು ಹಾಗೇ ಕೂತಿರುತ್ತದೆ.

ಮಡಗಾಂವ್ ಶೆಟ್ಟಿ

ಮಾರಾಯ್ರೆ, ಅಷ್ಟೆಲ್ಲ ಯಾಕೆ? ಪಕ್ಕದ ಕಾಲಮಲ್ಲಿ ವಾರ ತರಿಸಿ, ಮೆಸೇಜಿನ ವಾರಕ್ಕೆ ತಾಳೆ ನೋಡಿ. ತಪ್ಪಿದ್ದರೆ ಅಲ್ಲೇ ಸಿಗ್ತದೆ.

```
=TEXT(A2,"ddd")
```

"ಮಾರನೇ ದಿನ" ಅನ್ನುವ ಕಡೆ `=A2+1` ಹಾಕಿದರೆ ಮುಗೀತು.

ಮಾಟುಂಗಾ ಮಾಮ

ಶೆಟ್ರೇ, ಅರ್ಧ ಸರಿ. ಬಿಕೆ ಸಿಕ್ಕಿಬೀಳುತ್ತದೆ, ಸೋಮವಾರದ ಬದಲು `Thu` ಬರುತ್ತದೆ. ಆದರೆ ಇಕೋ? ಮಾರ್ಚ್ 12 ಗುರುವಾರ, ಈ ವರ್ಷ ಡಿಸೆಂಬರ್ 3 ಕೂಡ ಗುರುವಾರವೇ! ಎರಡಕ್ಕೂ `Thu`. ನೀವು ಸರಿ ಅಂತ ಟಿಕ್ ಹಾಕಿ ಮುಂದೆ ಹೋಗ್ತೀರಿ. ವಾರದ ಜೊತೆ ತಿಂಗಳನ್ನೂ ತರಿಸಿ:

```
=TEXT(A2,"ddd d mmm")
```

`A2+1` ಕೂಡ ಹಾಗೇ ಬಿಡಬೇಡಿ. ಸಾರ್ಟ್ ಮಾಡಿದಾಗ ಸಾಲು ಜಾಗ ಬದಲಿಸಿದರೆ ಮ್ಯಾಥ್ಸ್ ಬೇರೆ ಯಾವುದೋ ಪೇಪರಿನ ಮಾರನೇ ದಿನ ಆಗಬಹುದು. 10/3/2026 ಅಂತ ನೇರ ಬರೆಯುವುದೇ ವಾಸಿ. ಐದು ಪೇಪರಿಗೆ ಎಷ್ಟು ಫಾರ್ಮುಲಾ!

ಟೈಮಿಗೆ ಎರಡು ಕಾಲಮ್ ಮಾಡಿ, ಶುರು ಮತ್ತು ಮುಗಿಯುವುದು. `11-2` ಅಂತ ಒಂದೇ ಖಾನೆಯಲ್ಲಿ ಬರೆದರೆ ಅದನ್ನೂ ತಾರೀಖು ಅಂದುಕೊಳ್ಳುತ್ತದೆ. ಮಧ್ಯಾಹ್ನ 3 ಅನ್ನು 15:00 ಅಂತ ಬರೆಯಿರಿ.

ಡೊಂಬಿವಲಿ ವನಿತಾ

ಮಾಮ, ಈಗ 8 ಬಂತು! ತಾರೀಖಿನ ಪ್ರಕಾರ ಸಾರ್ಟ್ ಮಾಡಿದ್ದು ಹೀಗಿದೆ:

| ತಾರೀಖು | ವಾರ | ವಿಷಯ | ಶುರು | ಮುಗಿಯುವುದು | ಹಾಲ್ |
|---|---|---|---|---|---|
| 9/3 | ಸೋಮ | ಬಿಕೆ | 11:00 | 14:00 | 204 |
| 10/3 | ಮಂಗಳ | ಮ್ಯಾಥ್ಸ್ | 11:00 | 14:00 | 301 |
| 12/3 | ಗುರು | ಇಕೋ | 11:00 | 14:00 | 204 |
| 17/3 | ಮಂಗಳ | ಎಸ್‌ಪಿ | 15:00 | 17:00 | 301 |
| 20/3 | ಶುಕ್ರ | ಐಟಿ | | | |

ಮಾಟುಂಗಾ ಮಾಮ

ಎಸ್‌ಪಿಗೆ 301 ಅಂತ ಹೇಗೆ ಬರೆದಿರಿ? "ಮೊದಲಿನದೇ" ಅಂದರೆ ಎಲ್ಲಕ್ಕಿಂತ ಮೊದಲು ಹೇಳಿದ 204 ಇರಬಹುದು, ಅದರ ಹಿಂದಿನ ಸಾಲಿನ 301 ಇರಬಹುದು. ಇನ್ನೊಂದು ವಿಷಯ, ನೀವು ಸಾರ್ಟ್ ಮಾಡಿದ ಮೇಲೆ ಎಸ್‌ಪಿಯ ಹಿಂದೆ ಇಕೋ ಬಂದು ಕೂತಿದೆ. ಟೇಬಲ್ ನೋಡಿಕೊಂಡು "ಮೊದಲಿನದು" ಹುಡುಕಿದರೆ 204 ಅನಿಸುತ್ತದೆ. ಇಂಥವನ್ನು ಸಾರ್ಟಿಗೆ ಮುಂಚೆ, ಮೆಸೇಜಿನ ಸಾಲಿನಲ್ಲೇ ಬಿಡಿಸಬೇಕು. ಬಿಡಿಸಲು ಆಗದಿದ್ದರೆ ಖಾನೆಯಲ್ಲಿ "ಕೇಳಬೇಕು" ಅಂತ ಬರೆದು ಹಳದಿ ಬಣ್ಣ ಹಾಕಿ.

ಐಟಿ ಕೂಡ ಅಷ್ಟೇ. ಪಾಡ್ವಾ 19ಕ್ಕೆ. "ಆದ ಮೇಲೆ" ಅಂದಿದ್ದಾರೆ, ಮಾರನೇ ದಿನ ಅಂದಿಲ್ಲ. 20 ನಿಮ್ಮ ಊಹೆ.

ಮಡಗಾಂವ್ ಶೆಟ್ಟಿ

20 ಅಥವಾ 21ಕ್ಕೆ ಈದ್ ಕೂಡ ಬರಬಹುದು. ಚಂದ್ರ ಕಂಡ ಮೇಲೆ ಗೊತ್ತಾಗೋದು. ಸೋಮವಾರಕ್ಕೆ ಹೋದರೂ ಹೋಯ್ತು.

ಡೊಂಬಿವಲಿ ವನಿತಾ (ಮಾರ್ಚ್ 2)

ಕ್ಲಾಸಿಗೆ ಫೋನ್ ಮಾಡಿದೆ. ಎಸ್‌ಪಿ 204ರಲ್ಲಂತೆ! ಐಟಿ ಬಗ್ಗೆ "ಗ್ರೂಪ್‌ನಲ್ಲಿ ಹಾಕ್ತೀವಿ" ಅಂದರು. ಆ ಸಾಲು ಇನ್ನೂ ಹಳದಿಯೇ.