ಇಸಿಜಿ ನೋಟ್ಸನ್ನು ಒಂದೇ ಪುಟಕ್ಕೆ ಇಳಿಸೋದು ಹೇಗೆ?

ಹೌಸ್ ಸರ್ಜನ್: ಸರ್, ಮೂರು ತಿಂಗಳಿಂದ ಇಸಿಜಿ ನೋಟ್ಸ್ ಬರೆದಿದ್ದೇನೆ, ಎಲ್ಲಾ ಕಾಯಿಲೆ ಹೆಸರಿನಲ್ಲಿ. ಹೊಸ ಇಸಿಜಿ ಕೈಗೆ ಬಂದರೆ ಯಾವ ಪುಟ ತೆರೆಯಬೇಕೋ ತಿಳಿಯಲ್ಲ. ರೇಟ್, ರಿದಮ್, ಆಕ್ಸಿಸ್, ಇಂಟರ್ವಲ್, ಎಸ್‌ಟಿ ಅಂತ ಚೆಕ್‌ಲಿಸ್ಟ್ ಮಾಡೋದು ಹೇಗೆ?

ಫಿಸಿಷಿಯನ್: ಕಾಯಿಲೆ ಹೆಸರು ಕೊನೆಗೆ ಸಿಗುವಂಥದ್ದು. ನೀವು ಅದನ್ನೇ ತಲೆಬರಹ ಮಾಡಿದ್ದೀರಿ. ಪ್ರತಿ ಸಾಲಿಗೂ "ಇದನ್ನು ಕಾಗದದಲ್ಲಿ ಎಲ್ಲಿ ನೋಡಿದೆ?" ಎಂದು ಕೇಳಿ, ಆ ಕಾಲಂಗೆ ಹಾಕಿ. 'ನಾರ್ಮಲ್' ಅಂತ ಬರೆಯಬೇಡಿ, ಎಣಿಸಿದ ಸಂಖ್ಯೆ ಬರೆಯಿರಿ.

ಒಂದು ಕೇಸ್ ನೋಡಿ. 58 ವರ್ಷದವರು, "ಗ್ಯಾಸು ಡಾಕ್ಟ್ರೇ" ಅಂತ ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡು ಬಂದರು. ಎರಡು ಆರ್ ನಡುವೆ 6 ದೊಡ್ಡ ಚೌಕ. 300 ಭಾಗಿಸು 6, ರೇಟ್ 50. ಪ್ರತಿ ಕ್ಯುಆರ್‌ಎಸ್‌ಗೂ ಮೊದಲು ಒಂದು ಪಿ. ಲೀಡ್ 1, ಎವಿಎಫ್ ಎರಡೂ ಮೇಲ್ಮುಖ, ಆಕ್ಸಿಸ್ ಸರಿ. ಪಿಆರ್ 6 ಸಣ್ಣ ಚೌಕ, ಅಂದರೆ 240 ಮಿಲಿಸೆಕೆಂಡ್. 200 ದಾಟಬಾರದು. ಆಮೇಲೆ ಎಸ್‌ಟಿ: ಲೀಡ್ 2, 3, ಎವಿಎಫ್‌ನಲ್ಲಿ ಎರಡು ಮಿಮೀ ಏರಿದೆ, 3ರಲ್ಲಿ ಇನ್ನೂ ಜಾಸ್ತಿ. ಎವಿಎಲ್‌ನಲ್ಲಿ ಇಳಿದಿದೆ.

ಹೃದಯದ ಕೆಳಭಾಗದ ಅಟ್ಯಾಕ್. ಎವಿ ನೋಡ್‌ಗೆ ರಕ್ತ ಸಾಮಾನ್ಯವಾಗಿ ಬಲ ಕೊರೊನರಿಯಿಂದಲೇ ಹೋಗುತ್ತೆ, ಹಾಗಾಗಿ ನಿಧಾನದ ರೇಟೂ ಉದ್ದದ ಪಿಆರೂ ಅದೇ ಕಥೆಯ ಭಾಗ. ನೈಟ್ರೇಟ್ ಕೊಡುವ ಮುನ್ನ ವಿ4ಆರ್ ತೆಗೆಸಿ. ಬಲ ವೆಂಟ್ರಿಕಲ್‌ಗೂ ಪೆಟ್ಟಾಗಿದ್ದರೆ ಬಿಪಿ ಕುಸಿಯಬಹುದು.

ಎಮರ್ಜೆನ್ಸಿ ನರ್ಸ್: ಎದೆನೋವಿಗೆ ಎಸ್‌ಟಿ ಕೊನೆಗಾ? ನಾವು ಮೊದಲು ಅದನ್ನೇ ನೋಡೋದು.

ಫಿಸಿಷಿಯನ್: ಕಣ್ಣು ಮೊದಲು ಅಲ್ಲೇ ಹೋಗಲಿ, ಹಾಗೇ ಕೂಗಿ ಹೇಳಿ. ಆದರೆ ತೀರ್ಪು ಕೊಡುವ ಮುನ್ನ ಕ್ಯುಆರ್‌ಎಸ್ ಅಗಲ ನೋಡಲೇಬೇಕು. ಎಡ ಬಂಡಲ್ ಬ್ರಾಂಚ್ ಬ್ಲಾಕ್ ಇದ್ದರೆ ಅಟ್ಯಾಕ್ ಇಲ್ಲದೆಯೂ ವಿ1ರಿಂದ ವಿ3ರಲ್ಲಿ ಎಸ್‌ಟಿ ಏರಿರುತ್ತೆ. ಹಳೇ ಇಸಿಜಿ ಇದ್ದರೆ ಪಕ್ಕಕ್ಕಿಟ್ಟುಕೊಳ್ಳಿ.

ಇನ್ನೊಬ್ಬರು: ನಮ್ಮಪ್ಪನ ಇಸಿಜಿ ಮೇಲೆ 'ಲೆಫ್ಟ್ ಆಕ್ಸಿಸ್' ಅಂತ ಮಷೀನೇ ಪ್ರಿಂಟ್ ಮಾಡಿದೆ. ಅಪಾಯನಾ?

ಫಿಸಿಷಿಯನ್: ಅದೊಂದರಿಂದ ಏನೂ ಹೇಳೋಕಾಗಲ್ಲ. ಹಳೇ ಇಸಿಜಿ ಜೊತೆ ಅವರ ಡಾಕ್ಟರಿಗೆ ತೋರಿಸಿ.

ಇಸಿಜಿ ಟೆಕ್ನಿಷಿಯನ್: ಆಕ್ಸಿಸ್ ಕಾಲಂ ನಮ್ಮ ತಪ್ಪನ್ನೂ ಹಿಡಿಯುತ್ತೆ. ಲೀಡ್ 1 ಪೂರ್ತಿ ತಲೆಕೆಳಗು, ಎವಿಆರ್ ಮೇಲ್ಮುಖ ಅಂದರೆ ಮೊದಲು ಕೈಯ ವೈರ್ ನೋಡಿ. ಎಡ ಬಲ ಅದಲುಬದಲಾಗಿರುತ್ತೆ.

ಹೌಸ್ ಸರ್ಜನ್: ಅಯ್ಯೋ! ನನ್ನ ನೋಟ್ಸ್‌ನಲ್ಲಿ 'ರೈಟ್ ಆಕ್ಸಿಸ್, ಕಾರಣ ಗೊತ್ತಿಲ್ಲ' ಅಂತ ಒಂದಿದೆ. ಲೀಡ್ 1ರಲ್ಲಿ ಪಿ ಕೂಡ ಕೆಳಮುಖ. ಎದೆಯ ಲೀಡ್‌ಗಳು ಸರಿಯಾಗೇ ಇವೆ.

ಇಸಿಜಿ ಟೆಕ್ನಿಷಿಯನ್: ಹಾಗಾದ್ರೆ ಬಹುಶಃ ವೈರೇ. ಪೇಷಂಟ್ ಇನ್ನೂ ವಾರ್ಡ್‌ನಲ್ಲಿದ್ದಾರಾ? ಮತ್ತೊಂದು ತೆಗೆಸಿ.